ಹರಿಹರದ ತಿಮ್ಮೇಶ್ ಮತ್ತು ಮೈಲಮ್ಮನ ಹೊಲ

ನಮ್ಮ ಪತ್ರಿಕೆಯ ಹರಿಹರ ತಾಲ್ಲೂಕು ವರದಿಗಾರ ತಿಮ್ಮೇಶ್ ಸುದ್ದಿ ಕಳಿಸುವುದು ಯಾವಾಗಲೂ ತಡ. ದಾವಣಗೆರೆಯ ಕಚೇರಿಯಲ್ಲಿ ಕೂತು ಪುಟ ಕಟ್ಟುವವನು ನಾನು, ಖಲೀಲ್. ಜಗಳೂರಿನಿಂದ, ಚನ್ನಗಿರಿಯಿಂದ ಮಧ್ಯಾಹ್ನಕ್ಕೇ ಸುದ್ದಿ ಬಂದು ಬಿದ್ದಿರುತ್ತವೆ. ಹರಿಹರದ ಜಾಗ ಮಾತ್ರ ಖಾಲಿ. ಫೋನ್ ಮಾಡಿದರೆ, "ಖಲೀಲಣ್ಣ, ಇನ್ನೊಬ್ಬರನ್ನ ಕೇಳಾದು ಐತೆ, ಸ್ವಲ್ಪ ತಡೀರಿ" ಎನ್ನುತ್ತಾನೆ. ನಾನು ಬಯ್ಯುತ್ತೇನೆ. ಅವನು ಕೇಳಿಸಿಕೊಳ್ಳುತ್ತಾನೆ. ಆಮೇಲೆ ಮತ್ತೆ ತಡಮಾಡುತ್ತಾನೆ. ನಮ್ಮ ಸಂಬಂಧ ಇಷ್ಟೇ ಎಂದು ನಾನು ಬಹಳ ವರ್ಷ ತಿಳಿದುಕೊಂಡಿದ್ದೆ.

ಅವನ ಅಪ್ಪ ಮಿಲ್ಲಿನಲ್ಲಿ ಕೆಲಸಕ್ಕಿದ್ದವನು. ಮಿಲ್ಲು ಮುಚ್ಚಿತು. ಮಗ ಬಿ.ಎ. ಮುಗಿಸಿ ಪತ್ರಿಕೆಗೆ ಬಂದ. ತಾಲ್ಲೂಕು ವರದಿಗಾರನಿಗೆ ಸಂಬಳ ಅಂತ ಹೇಳಿಕೊಳ್ಳುವಂಥದ್ದೇನೂ ಇರುವುದಿಲ್ಲ. ಹಬ್ಬಕ್ಕೆ, ಹುಟ್ಟುಹಬ್ಬಕ್ಕೆ ಜಾಹೀರಾತು ತಂದರೆ ಅದರಲ್ಲಿ ಕಮಿಷನ್. ಮನೆ ನಡೆಸುವುದು ಹೆಂಡತಿಯ ಟೈಲರಿಂಗ್ ಮಷಿನ್ನು. ಈಗ ಐವತ್ತು ದಾಟಿದ್ದಾನೆ, ಮೊಣಕಾಲು ನೋವು, ಬೈಕು ಅವನಿಗಿಂತ ಹೆಚ್ಚು ನರಳುತ್ತದೆ.

ಅವನಿಗೊಂದು ಚಟ. ಯಾರ ಮಾತನ್ನಾದರೂ ಬರೆದುಕೊಂಡರೆ ಅದನ್ನು ಅವರಿಗೇ ಓದಿ ಹೇಳುತ್ತಾನೆ. "ನೀವು ಹೇಳಿದ್ದು ಹಿಂಗೆ, ಹಿಂಗೇ ಹಾಕ್ಲಾ?" ಅವರು ಹೂಂ ಅಂದ ಮೇಲೇ ಸುದ್ದಿ. ಹಿಂದೊಮ್ಮೆ ಒಬ್ಬ ಪುಢಾರಿ, ಹೇಳಿದ ಮಾತನ್ನು ಮಾರನೇ ದಿನ ಹೇಳೇ ಇಲ್ಲ ಎಂದ. ಪತ್ರಿಕೆಯ ಮಾಲೀಕರು ಹೆದರಿ ಕ್ಷಮಾಪಣೆ ಅಚ್ಚು ಹಾಕಿಸಿದರು. ಅಂದಿನಿಂದ ಈ ಚಟ ಹತ್ತಿತು. ಆಫೀಸಿನಲ್ಲಿ ಅವನಿಗೆ ನಡವಳಿ ತಿಮ್ಮೇಶ್ ಎಂದು ಹೆಸರಿಟ್ಟಿದ್ದೇವೆ, ಸಭೆಯ ನಡವಳಿ ಓದುವ ಪಂಚಾಯ್ತಿ ಕಾರ್ಯದರ್ಶಿಯ ಹಾಗೆ ಓದುತ್ತಾನೆಂದು. ಅವನ ಮುಂದೆಯೇ ಕರೆಯುತ್ತೇವೆ. ಅವನಿಗೆ ಬೇಜಾರಿಲ್ಲ, ಅಥವಾ ಬೇಜಾರಾದರೂ ತೋರಿಸುವಷ್ಟು ಶಕ್ತಿ ಇಲ್ಲ.

ಮಲೆಬೆನ್ನೂರಿನ ಕಡೆ ಒಂದು ಹಳ್ಳಿ. ಹೆಸರು ಬರೆಯುವುದಿಲ್ಲ, ಅಲ್ಲಿಯವರಿಗೆ ಪತ್ರಿಕೆಯಲ್ಲಿ ಹೆಸರು ನೋಡಿ ಸಾಕಾಗಿದೆ. ಊರ ಹೊರಗಿನಿಂದ ಬೈಪಾಸ್ ರಸ್ತೆ ಬರುತ್ತದೆಂದು ಸರ್ಕಾರ ಗದ್ದೆ ಗುರುತು ಮಾಡಿತು. ಪರಿಹಾರದ ದರ ಹೊರಬಿದ್ದದ್ದೇ ರೈತರು ತಾಲ್ಲೂಕು ಕಚೇರಿ ಮುಂದೆ ಕೂತರು. ಉಳಿದ ಪತ್ರಿಕೆಗಳು ಮಾರನೇ ದಿನವೇ "ಅನ್ನದಾತನಿಗೆ ಪುಡಿಗಾಸು" ಎಂದು ಬರೆದು ಕೈ ತೊಳೆದುಕೊಂಡವು. ನಮ್ಮ ಜಾಗ ಖಾಲಿ. ತಿಮ್ಮೇಶ್ ದಾವಣಗೆರೆಗೆ ಬಂದು ವಿಶೇಷ ಭೂಸ್ವಾಧೀನಾಧಿಕಾರಿಯ ಕಚೇರಿಯಲ್ಲಿ ಕಾದು ಕೂತಿದ್ದ.

ಅಲ್ಲಿನ ಅಧಿಕಾರಿ ಆಶಾರಾಣಿ ಎಂಬಾಕೆ. ಮೇಜಿನ ಮೇಲೆ ಕಡತ, ಕಡತದ ಮೇಲೆ ಊಟದ ಡಬ್ಬಿ, ಅದನ್ನು ತೆರೆಯಲು ಪುರುಸೊತ್ತಿಲ್ಲ. ದರ ಹೆಂಗೆ ಕಟ್ಟಿದ್ರಿ ಮೇಡಂ ಎಂದು ಇವನು ಕೇಳಿದಾಗ, ಆಕೆ ಲೆಕ್ಕದ ಹಾಳೆಯನ್ನೇ ಮುಂದಿಟ್ಟರು. ಹಿಂದಿನ ಮೂರು ವರ್ಷ ಆ ಭಾಗದಲ್ಲಿ ನೋಂದಣಿಯಾದ ಕ್ರಯಪತ್ರಗಳು, ಅವುಗಳಲ್ಲಿ ಹೆಚ್ಚು ಬೆಲೆಯ ಅರ್ಧದಷ್ಟರ ಸರಾಸರಿ. ಅದು ಹೆಚ್ಚೋ, ಸರ್ಕಾರದ ಮಾರ್ಗಸೂಚಿ ಬೆಲೆ ಹೆಚ್ಚೋ ನೋಡಿ, ಹೆಚ್ಚಾದದ್ದನ್ನು ಹಿಡಿಯುವುದು. ಆಮೇಲೆ ಕಾನೂನಿನಂತೆ ಅದನ್ನು ಏರಿಸುತ್ತಾ ಹೋಗುವುದು.

"ನಾನು ಜೇಬಿನಿಂದ ದರ ತೆಗೆದಿಲ್ಲ ತಿಮ್ಮೇಶ್. ಅವರೇ ರಿಜಿಸ್ಟರ್ ಆಫೀಸಿನಲ್ಲಿ ಬರೆಸಿರೋ ಬೆಲೆ" ಎಂದರು.

ಅದು ನಿಜವಾಗಿತ್ತು. ಮುದ್ರಾಂಕ ಶುಲ್ಕ ಉಳಿಸಲು ಊರಿನವರೆಲ್ಲ ಕ್ರಯಪತ್ರದಲ್ಲಿ ಅರ್ಧಕ್ಕಿಂತ ಕಡಿಮೆ ಬೆಲೆ ಬರೆಸಿ, ಉಳಿದದ್ದನ್ನು ಕೈಯಿಂದ ಕೈಗೆ ಕೊಟ್ಟಿದ್ದರು. ತಿಮ್ಮೇಶ್ ರೈತರ ಸಿಟ್ಟನ್ನೂ ಬರೆದ, ಹಾಳೆಯಲ್ಲಿದ್ದದ್ದನ್ನೂ ಬರೆದ. ಮಾರನೇ ದಿನ ರೈತರು ಅವನನ್ನು ತಡೆದು, ನೀನು ಯಾರ ಕಡೆಯವನಪ್ಪ ಎಂದು ಕೇಳಿದರು. ಸಂಜೆ ಆಶಾರಾಣಿಯವರ ಕಚೇರಿಯಿಂದಲೂ ಫೋನು, ರೈತರ ಮಾತು ಅಷ್ಟು ದೊಡ್ಡದಾಗಿ ಯಾಕೆ ಹಾಕಿದ್ರಿ ಎಂದು. ಎರಡೂ ಕಡೆ ಬೈಸಿಕೊಂಡು ನನ್ನ ಮುಂದೆ ಬಂದು ಕೂತು, ಒಂದು ತಟ್ಟೆ ಮಂಡಕ್ಕಿ ತಿಂದು, ಎದ್ದು ಹೋದ. ಅವನನ್ನು ನೋಡಿದರೆ ನನಗೆ ಒಮ್ಮೊಮ್ಮೆ ಸಿಟ್ಟೇ ಬರುತ್ತದೆ. ಇಷ್ಟು ಸುಸ್ತಾಗಿಯೂ ಯಾಕೆ ಸುಮ್ಮನಿರುವುದಿಲ್ಲ ಈ ಮನುಷ್ಯ.

ಸುಮ್ಮನಿರಲಿಲ್ಲ. ಜಂಟಿ ಅಳತೆಯ ನಕ್ಷೆ, ಪಹಣಿಗಳ ಪ್ರತಿ, ಪರಿಹಾರದ ಕರಡು ತಗೊಂಡು ಗದ್ದೆಗೆ ಇಳಿದ. ಅವನು ರೈತರನ್ನು ಸರ್ವೆ ನಂಬರು ಕೇಳುವುದಿಲ್ಲ. ಬದುವಿನ ಮೇಲೆ ನಿಂತು, ಇಲ್ಲಿ ನಾಟಿ ಮಾಡಿದವರು ಯಾರು, ಆಚೆ ಯಾರು ಎಂದು ಕೇಳುತ್ತಾ ಹೋಗುತ್ತಾನೆ. ಆಮೇಲೆ ಮರದ ಕೆಳಗೆ ಕೂತು ಕಾಗದದ ಜೊತೆ ತಾಳೆ ನೋಡುತ್ತಾನೆ. ಎಲ್ಲ ತಾಳೆಯಾಯಿತು, ಒಂದು ಕಡೆ ಬಿಟ್ಟು. ತೂಬಿನ ಪಕ್ಕದ ಒಂದೂಕಾಲು ಎಕರೆಯಲ್ಲಿ ಭತ್ತದ ಕಳೆ ಕೀಳುತ್ತಿದ್ದವಳು ಮೈಲಮ್ಮ. ಕಾಗದದಲ್ಲಿದ್ದ ಹೆಸರು ಉಜ್ಜನಪ್ಪ. ರಸ್ತೆಗೆ ಆ ಒಂದೂಕಾಲು ಎಕರೆ ಪೂರ್ತಿ ಹೋಗುವುದಿತ್ತು, ಮತ್ತು ಪರಿಹಾರ ಪೂರ್ತಿ ಉಜ್ಜನಪ್ಪನವರ ಖಾತೆಗೆ.

"ಗುತ್ತಿಗೆಗೆ ಮಾಡೀರೇನವ್ವ?" ಎಂದ ತಿಮ್ಮೇಶ್.

"ಗುತ್ತಿಗೆ ಯಾಕೆ, ನಂದೇ ಹೊಲ" ಎಂದಳು ಮೈಲಮ್ಮ. "ಬದ್ಲಿ ಹೊಲ."

ಬದುವಿನ ಮೇಲೆ ಕೂತು ಹೇಳಿದಳು. ಭದ್ರಾ ಉಪನಾಲೆ ರಿಪೇರಿಯಾಗಿ ದಾರಿ ಬದಲಾದಾಗ ಉಜ್ಜನಪ್ಪನವರ ಒಂದು ತುಂಡು ನಾಲೆಯ ಈಚೆ, ಮೈಲಮ್ಮನ ಗಂಡ ಗಿಡ್ಡಪ್ಪನ ಒಂದು ತುಂಡು ಆಚೆ ಬಿದ್ದಿತು. ಇವರು ನೀರು ಹಾಯಿಸಬೇಕಾದರೆ ಅವರ ಬದು ಕಡಿಯಬೇಕು, ಅವರು ಹಾಯಿಸಬೇಕಾದರೆ ಇವರದ್ದು. ಇಬ್ಬರೂ ಎಲೆ ಅಡಿಕೆ ಹಿಡಿದು ತುಂಡು ಬದಲಿಸಿಕೊಂಡರು. ಹತ್ತಾರು ವರ್ಷ ಅವರ ಹೆಸರಿನದ್ದನ್ನು ಇವರು ಉತ್ತರು, ಇವರ ಹೆಸರಿನದ್ದನ್ನು ಅವರು. ನಮ್ಮ ಕಡೆ ಇಂಥ ಬದಲಿ ಊರಿಗೆ ನಾಲ್ಕಾದರೂ ಇರುತ್ತವೆ, ಯಾವುದಕ್ಕೂ ಪತ್ರ ಇರುವುದಿಲ್ಲ.

"ಹಂಗಾದ್ರೆ ನಿಮ್ಮ ಹೆಸರಿನ ಆ ತುಂಡು ಐತಲ್ಲವ್ವ" ಎಂದ ತಿಮ್ಮೇಶ್.

ಇರಲಿಲ್ಲ. ಉಜ್ಜನಪ್ಪನವರು ಅದನ್ನು ಅಕ್ಕಿ ಗಿರಣಿ ಕಟ್ಟುವವರಿಗೆ ಮಾರಿದ್ದರು. ಪಹಣಿ ಗಿಡ್ಡಪ್ಪನ ಹೆಸರಿನಲ್ಲಿದ್ದದ್ದರಿಂದ, ಸಹಿ ಹಾಕಲು ಗಿಡ್ಡಪ್ಪನನ್ನೇ ಹರಿಹರದ ರಿಜಿಸ್ಟರ್ ಆಫೀಸಿಗೆ ಕರೆದುಕೊಂಡು ಹೋದರು. ಗಿಡ್ಡಪ್ಪ ಹೋದ, ಸಹಿ ಹಾಕಿದ, ಕಾಫಿ ಕುಡಿದು ಬಂದ. ಮಾರಿದ ದುಡ್ಡು ಉಜ್ಜನಪ್ಪನವರು ತಗೊಂಡರು, ಅದು ಅವರದ್ದೇ ಆಗಿತ್ತು. ನೀನು ಉಳುವ ತುಂಡಿಗೂ ಒಂದು ಕಾಗದ ಮಾಡಿಸಿಕೋ ಎಂದು ಆಗ ಗಿಡ್ಡಪ್ಪನಿಗೆ ಯಾರೂ ಹೇಳಲಿಲ್ಲ, ಅವನೂ ಕೇಳಲಿಲ್ಲ. ಮರುವರ್ಷ ತೀರಿಕೊಂಡ.

ಅಂದರೆ ಕಾಗದದ ಪ್ರಕಾರ ಗಿಡ್ಡಪ್ಪ ತನ್ನ ಹೊಲ ಮಾರಿ ಹಣ ಎಣಿಸಿಕೊಂಡವನು. ಕಾಗದದ ಪ್ರಕಾರ ತೂಬಿನ ಹೊಲ ಉಜ್ಜನಪ್ಪನವರ ಸ್ವಯಾರ್ಜಿತ. ಮೈಲಮ್ಮ ಎಲ್ಲೂ ಇಲ್ಲ. ಇದನ್ನೆಲ್ಲ ತಿಮ್ಮೇಶ್ ಫೋನಿನಲ್ಲಿ ಹೇಳುವಾಗ ನಾನು, "ದಾಖಲೆ ಇಲ್ಲದ್ದು ಸುದ್ದಿಯಲ್ಲ, ಬಿಡೋ" ಎಂದೆ. "ದಾಖಲೆಯಲ್ಲಿ ಇಲ್ಲದಿರಾದೇ ಸುದ್ದಿ ಅಣ್ಣ" ಎಂದ. ನನಗೆ ಮೈ ಉರಿಯಿತು, ಫೋನ್ ಇಟ್ಟುಬಿಟ್ಟೆ.

ಉಜ್ಜನಪ್ಪನವರದ್ದು ದಾವಣಗೆರೆ ಎಪಿಎಂಸಿಯಲ್ಲಿ ದಲಾಲಿ ಅಂಗಡಿ. ಎಂಬತ್ತು ದಾಟಿದ್ದರೂ ದಿನಾ ಬಂದು ಗಾದಿಯ ಮೇಲೆ ಕೂಡುವವರು, ಹಣೆಯ ತುಂಬ ವಿಭೂತಿ. ವ್ಯವಹಾರ ನೋಡುವವನು ಮಗ ಕೊಟ್ಟೂರೇಶ್. ತಿಮ್ಮೇಶ್ ಹೋದಾಗ ಮುದುಕರು ಚಹಾ ತರಿಸಿದರು.

"ಹೊಲ ಆಕೀದೇ" ಎಂದರು ನೇರವಾಗಿ. "ನಾನು ಕೇಳಿದ ಕೂಡ್ಲೆ ಗಿಡ್ಡಪ್ಪ ಬಂದು ಸಹಿ ಹಾಕ್ಯಾನೆ. ರೊಕ್ಕ ನನ್ನ ಖಾತೆಗೆ ಬಂದ ದಿನ ಮೈಲವ್ವನ ಕೈಗೆ ಕೊಡ್ತೀನಿ."

"ಅದನ್ನೇ ಒಂದು ಹಾಳ್ಯಾಗೆ ಬರ್ದು ಆಫೀಸಿಗೆ ಕೊಟ್ರೆ ಆಗಲ್ಲೇನ್ರಿ ಯಜಮಾನ್ರೆ?"

ಮುದುಕರು ಚಹಾದ ಲೋಟ ಕೆಳಗಿಟ್ಟರು. "ಬರ್ದು ಕೊಡು ಅಂತ ಆಕಿ ಅಂದ್ಳೇನು?"

"ಇಲ್ರಿ. ನಾನು ಕೇಳಿದ್ದು."

"ಹಂಗಾದ್ರೆ ಬ್ಯಾಡ. ಇಷ್ಟು ವರ್ಷ ನಡೆದಿದ್ದಕ್ಕೆ ಈಗ ಕಾಗದ ಅಂದ್ರೆ, ನನ್ನ ಮಾತು ಕೆಟ್ಟೈತೆ ಅಂದಂಗೆ ಆಗ್ತತೆ."

ತಿಮ್ಮೇಶ್ ಅವರ ಮಾತನ್ನು ಓದಿ ಹೇಳಿದ. ಹೊಲ ಆಕೆಯದ್ದು, ದುಡ್ಡು ಆಕೆಯದ್ದು, ಬಂದ ದಿನ ಕೊಡುತ್ತೇನೆ. "ಹಿಂಗೇ ಹಾಕ್ಲೇನ್ರಿ?" "ಹೂಂ, ಹಾಕು" ಎಂದರು. ಕೊಟ್ಟೂರೇಶ್ ಅಂಗಡಿಯ ಹೊರಗೆ ಬಂದು ಬೈಕಿನ ಹ್ಯಾಂಡಲ್ ಹಿಡಿದುಕೊಂಡು ನಿಂತ. "ತಿಮ್ಮೇಶಣ್ಣ, ಅಪ್ಪಾಜಿಗೆ ವಯಸ್ಸಾಗೈತೆ. ಅವರು ಹೋದ ಮ್ಯಾಲೆ ಎಲ್ಲಾ ನಂದೇ ಜವಾಬ್ದಾರಿ, ನನಗೆ ಬದ್ಲಿ ಗಿದ್ಲಿ ಗೊತ್ತಿಲ್ಲ. ಸುಮ್ನೆ ಬಿಟ್ಬಿಡ್ರಿ. ಯುಗಾದಿ ಜಾಹೀರಾತು ಈ ಸಲ ಪೂರ್ತಿ ಪುಟ ಹಾಕಣ." ಯುಗಾದಿ ಜಾಹೀರಾತೆಂದರೆ ತಿಮ್ಮೇಶನ ಮನೆಗೆ ಎರಡು ತಿಂಗಳ ದಿನಸಿ. ಅವನು ಹ್ಯಾಂಡಲ್ ಬಿಡಿಸಿಕೊಂಡು ಬಂದ.

ಮುದುಕರು ಇರುವವರೆಗೆ ಅವರ ಮಾತು. ಹಣ ಬರುವಷ್ಟರಲ್ಲಿ ಅವರು ಹೋದರೆ ಮೈಲಮ್ಮನಿಗೆ ಏನೂ ಇಲ್ಲ. ತಿಮ್ಮೇಶ್ ಇದನ್ನು ಆಶಾರಾಣಿಯವರ ಮುಂದಿಟ್ಟ. ಆಕೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

"ಬಾಯಿಮಾತಿನ ಬದಲಾವಣೆಗೆ ಕಾನೂನಿನಲ್ಲಿ ಬೆಲೆ ಇಲ್ಲ. ನನ್ನ ರೆಕಾರ್ಡ್‌ನಲ್ಲಿ ಆಕೆ ಯಾರೂ ಅಲ್ಲ. ಆದರೆ ಐತೀರ್ಪು, ಅಂದರೆ ಪರಿಹಾರದ ಕೊನೇ ಆದೇಶ, ಇನ್ನೂ ಆಗಿಲ್ಲ. ಖಾತೆದಾರರು, ಉಳುಮೆ ಮಾಡಿ ಅನುಭವದಲ್ಲಿರೋರು ಇಬ್ಬರೂ ವಿಚಾರಣೆಗೆ ಬಂದು, ಪರಿಹಾರ ಯಾರಿಗೆ ಎಷ್ಟು ಅಂತ ಒಪ್ಪಿ ಬರೆದುಕೊಟ್ಟರೆ, ನಾನು ಅದನ್ನೇ ಐತೀರ್ಪಿನಲ್ಲಿ ಬರೀತೀನಿ. ಆಮೇಲೆ ಯಾರ ಮಗನಿಂದಲೂ ತೆಗೆಯೋಕಾಗಲ್ಲ. ಒಪ್ಪದೆ ಜಗಳಕ್ಕೆ ಬಿದ್ದರೆ ದುಡ್ಡು ಭೂಸ್ವಾಧೀನ ಪ್ರಾಧಿಕಾರದಲ್ಲಿ ಠೇವಣಿ, ಕೋರ್ಟಿನ ಕೇಸಿನ ಹಂಗೆ ವರ್ಷಗಟ್ಟಲೆ. ಆಕೆ ಬರದೇ ಇದ್ದರೆ ಪೂರ್ತಿ ಖಾತೆದಾರರಿಗೆ."

"ಆಕೆಗೆ ನೋಟಿಸೇ ಹೋಗಿಲ್ಲ ಮೇಡಂ."

"ಅನುಭವದಲ್ಲಿರೋರಿಗೂ ಕೊಡಬೇಕು. ಅಳತೆಯವರು ಖಾತೆದಾರರ ಹೆಸರೊಂದೇ ಬರೆದು ತಂದಿದ್ದಾರೆ. ನೀವು ಬಾಯಲ್ಲಿ ಹೇಳಿದರೆ ಆಗಲ್ಲ, ನನ್ನ ಮುಂದೆ ಏನಾದರೂ ಬರಬೇಕು" ಎಂದರು ಆಶಾರಾಣಿ. ಆಕೆಯೂ ಇದನ್ನು ತನ್ನ ಮಾತೆಂದು ಹಾಕಲು ಹೂಂ ಎಂದರು.

ಹಾಗಾದರೆ ಒಂದು ಅರ್ಜಿ ಕೊಟ್ಟರೆ ಮುಗಿಯಿತು. ತಿಮ್ಮೇಶ್ ಅರ್ಜಿ ಬರೆದುಕೊಂಡೇ ಮೈಲಮ್ಮನ ಮನೆಗೆ ಹೋದ. ಅವಳು ಹೆಬ್ಬೆಟ್ಟು ಒತ್ತಲಿಲ್ಲ.

"ನನ್ನ ಗಂಡ ಒಂದು ಮಾತು ಕೇಳದೆ ಸಹಿ ಹಾಕಿ ಬಂದ. ಈಗ ನಾನು ಅರ್ಜಿ ಕೊಟ್ರೆ, ಅವರನ್ನ ಕಳ್ಳ ಅಂದಂಗೆ ಅಲ್ಲೇನು? ಉಜ್ಜನಪ್ಪಣ್ಣ ಕೊಡ್ತಾರೆ. ನನ್ನ ಮಗಳ ಮದ್ವೇಲಿ ನಿಂತು ಮಾಡಿಸ್ಯಾರೆ ಅವರು."

"ಅವರು ಕೊಡ್ತಾರವ್ವ. ಅವರಿಗೆ ಏನಾದ್ರೂ ಆದ್ರೆ?"

ಅವಳು ಅರ್ಜಿಯನ್ನು ಅವನ ಕಡೆಗೇ ಸರಿಸಿದಳು. "ಅಂಥ ಮಾತು ನಾನು ಆಡಲ್ಲ" ಎಂದಳು.

ಆಡಬೇಕಾದ ಮಾತನ್ನು ಮೂವರೂ ಆಡಲಾರರು. ಮುದುಕರಿಗೆ ಮರ್ಯಾದೆ, ಇವಳಿಗೆ ದಾಕ್ಷಿಣ್ಯ, ಅಧಿಕಾರಿಗೆ ಕಾಗದ. ಉಳಿದವನು ತಿಮ್ಮೇಶ್. "ನಾನು ಬರೆದರೆ ಮುದುಕರಿಗೆ ನೋವಾಗ್ತತೆ, ಬರೀದಿದ್ರೆ ಆಯಮ್ಮ ಬೀದಿಗೆ ಬೀಳ್ತಾಳೆ. ಏನು ಮಾಡ್ಲಿ ಅಣ್ಣ?" ಎಂದು ಸಂಜೆ ಬಂದು ನನ್ನ ಮೇಜಿನ ಎದುರು ಕೂತ. ಸುದ್ದಿಗಾರನೋ ಅಲ್ಲವೋ ನೀನು ಎಂದು ನಾನು ರೇಗಿದೆ. ನನಗೇನು, ಪುಟ ತುಂಬಬೇಕಿತ್ತು.

ಬರೆದ. ಪಹಣಿ ಏನು ಹೇಳುತ್ತದೆ, ಗಿಡ್ಡಪ್ಪನ ಕ್ರಯಪತ್ರ ಏನು ಹೇಳುತ್ತದೆ, ಗದ್ದೆಯಲ್ಲಿ ಯಾರಿದ್ದಾರೆ. ಮೈಲಮ್ಮನ ಮಾತು, ಉಜ್ಜನಪ್ಪನವರ ಮಾತು, ಆಶಾರಾಣಿಯವರ ಮಾತು, ಯಾರದ್ದನ್ನೂ ಕತ್ತರಿಸದೆ. ಎಲ್ಲೂ ಯಾರನ್ನೂ ಕಳ್ಳ ಎನ್ನಲಿಲ್ಲ. ಶೀರ್ಷಿಕೆಗೆ "ಬದಲಿ ಹೊಲಕ್ಕೆ ಬೇಕಿದೆ ಜಂಟಿ ಹೇಳಿಕೆ" ಎಂದು ಬರೆದು ಕಳಿಸಿದ್ದ. ಮಾಲೀಕರು ನೋಡಿ, ಇದನ್ನು ಯಾರು ಓದುತ್ತಾರೆ ಎಂದು "ಹೊಲ ಒಬ್ಬರದ್ದು, ಪರಿಹಾರ ಇನ್ನೊಬ್ಬರಿಗೆ" ಎಂದು ತಿದ್ದಿಸಿದರು. ತಿಮ್ಮೇಶ್ ಫೋನಿನಲ್ಲಿ ಬಹಳ ಬೇಡಿಕೊಂಡ. ತಿದ್ದಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಹಾಗಾಗಿ ಅವನ ಬೇಡಿಕೆ ನಡೆಯಲಿಲ್ಲ.

ಸುದ್ದಿ ಬಂದ ಬೆಳಿಗ್ಗೆಯೇ ಕೊಟ್ಟೂರೇಶ್ ಆ ವರ್ಷದ ಜಾಹೀರಾತು ಎಲ್ಲ ನಿಲ್ಲಿಸಿದ. ಅದು ಗೊತ್ತಾದ ಮೇಲೆ, ಶೀರ್ಷಿಕೆ ತಿದ್ದಿಸಿದ ಮಾಲೀಕರೇ ತಿಮ್ಮೇಶನನ್ನು ಕರೆಸಿ ಬೈದರು. ಅವನು ತಲೆ ತಗ್ಗಿಸಿ ಕೇಳಿಸಿಕೊಂಡು ಬಂದ. ಆ ದಿನ ನನಗೆ ಮಾಲೀಕರ ಮುಖ ನೋಡಲು ಮನಸ್ಸಾಗಲಿಲ್ಲ. ಅತ್ತ ಆಶಾರಾಣಿ ಪತ್ರಿಕೆಯ ತುಣುಕನ್ನು ಕಡತಕ್ಕೆ ಸೇರಿಸಿ, ಅನುಭವದಲ್ಲಿರುವವಳೆಂದು ಮೈಲಮ್ಮನಿಗೂ ವಿಚಾರಣೆಯ ನೋಟಿಸ್ ಕಳಿಸಿದರು.

ವಿಚಾರಣೆ ದಾವಣಗೆರೆಯಲ್ಲಿ. ಮೈಲಮ್ಮ ಬಸ್ಸಿನಲ್ಲಿ ಒಬ್ಬಳೇ ಬಂದಿದ್ದಳು. ಉಜ್ಜನಪ್ಪನವರನ್ನು ಕೊಟ್ಟೂರೇಶ್ ಕಾರಿನಲ್ಲಿ ಕರೆತಂದ. ವರಾಂಡದ ಬೆಂಚಿನಲ್ಲಿ ಇವಳು ಎದ್ದು ಜಾಗ ಬಿಟ್ಟಳು, ಮುದುಕರು ಕೂಡದೆ ಕೋಲಿನ ಮೇಲೆ ಭಾರ ಹಾಕಿ ನಿಂತೇ ಇದ್ದರು. ತಿಮ್ಮೇಶ್ ಬಾಗಿಲ ಹತ್ತಿರ ನಿಂತಿದ್ದ. ಇಬ್ಬರಲ್ಲಿ ಒಬ್ಬರೂ ಅವನ ಕಡೆ ತಿರುಗಲಿಲ್ಲ.

ಹೆಸರು ಕೂಗಿದರು. ಆಶಾರಾಣಿ ಮೈಲಮ್ಮನನ್ನೇ ಮೊದಲು ಕೇಳಿದರು, ಈ ಜಮೀನಿನಲ್ಲಿ ನಿಮ್ಮ ಹಕ್ಕು ಏನು ಎಂದು.

ಮೈಲಮ್ಮ ಸೆರಗು ಹೊದ್ದುಕೊಂಡು ಹೇಳಿದಳು. "ನಂದೇನೂ ತಕರಾರು ಇಲ್ರಿ. ಅವರ ಹೆಸರಿಗೇ ಕೊಟ್ಬಿಡ್ರಿ."

ಪತ್ರಿಕೆಯಿಂದ ಮುದುಕರಿಗಾದ ಅವಮಾನ ತೊಳೆಯಲು ಅವಳು ಹೊಲವನ್ನೇ ಬಿಟ್ಟುಕೊಡುತ್ತಿದ್ದಳು. ಆ ಮಾತು ಬರೆದುಕೊಂಡು ಹೆಬ್ಬೆಟ್ಟು ಒತ್ತಿಸಿದರೆ ಎಲ್ಲ ಮುಗಿಯುತ್ತಿತ್ತು. ಗುಮಾಸ್ತ ಬರೆಯಲು ಶುರು ಮಾಡಿಯೂ ಆಗಿತ್ತು. ಆಶಾರಾಣಿ ಕೈ ಎತ್ತಿ ಅವನನ್ನು ತಡೆದರು. ಕಡತದಿಂದ ಪತ್ರಿಕೆಯ ತುಣುಕು ತೆಗೆದು ಉಜ್ಜನಪ್ಪನವರಿಗೆ ಅವರದೇ ಮಾತನ್ನು ಓದಿ ಹೇಳಿದರು. "ಯಜಮಾನರೇ, ಇದು ನೀವು ಹೇಳಿದ್ದಾ?"

ಮುದುಕರು ಬಾಯಿ ತೆರೆಯುವ ಮೊದಲೇ ಕೊಟ್ಟೂರೇಶ್, "ಪೇಪರಿನವರು ಏನೇನೋ ಬರ್ಕೊತಾರೆ ಮೇಡಂ. ಅಪ್ಪಾಜಿ ಹಂಗೆ ಅಂದಿಲ್ಲ" ಎಂದ.

ಮುದುಕರೂ ಇಲ್ಲ ಅಂದರೆ ಮಗನ ಮಾತು ಉಳಿಯುತ್ತಿತ್ತು, ಒಂದೂಕಾಲು ಎಕರೆಯ ಪರಿಹಾರವೂ ಉಳಿಯುತ್ತಿತ್ತು, ಸುಳ್ಳ ಅನ್ನಿಸಿಕೊಳ್ಳುವವನು ತಿಮ್ಮೇಶ್ ಒಬ್ಬನೇ. ಅದಕ್ಕೂ ತಯಾರಾಗಿ ನಿಂತಿದ್ದೆ ಅಣ್ಣ, ಬೈಸಿಕೊಳ್ಳಾದು ಹೊಸದೇನಲ್ಲವಲ್ಲ ಎಂದು ಆಮೇಲೆ ನನಗೆ ಹೇಳಿದ.

"ಅಂದೀನಿ" ಎಂದರು ಉಜ್ಜನಪ್ಪ. "ಅವನು ಓದಿ ಹೇಳಿದ, ನಾನು ಹೂಂ ಅಂದೆ. ಬರ್ಕೊಳ್ರಿ. ಅಷ್ಟೂ ರೊಕ್ಕ ಆಕೀದು."

ಕೊಟ್ಟೂರೇಶ್ ಎದ್ದು ಹೊರಗೆ ಹೋದ. ಗುಮಾಸ್ತ ಹಳೆಯ ಹಾಳೆ ಹರಿದು ಜಂಟಿ ಹೇಳಿಕೆ ಬರೆದ. ಮುದುಕರು ಸಹಿ ಹಾಕಿದರು. ಮೈಲಮ್ಮ ಹೆಬ್ಬೆಟ್ಟು ಒತ್ತಲು ಒಲ್ಲೆ ಎಂದಳು. "ಒತ್ತು" ಎಂದರು ಮುದುಕರು, ಅವಳ ಮುಖ ನೋಡದೆ. ಒತ್ತಿದಳು. ಹೊರಗೆ ಬಂದ ಮೇಲೆ ಅವರು ಕೋಲು ಊರಿಕೊಂಡು ನಿಂತು, "ಗಿಡ್ಡಪ್ಪನ ಋಣ ತೀರಿಸಿದೆ. ಇನ್ನು ನಮ್ಮ ನಿಮ್ಮ ಮನಿ ಲೆಕ್ಕ ಮುಗೀತವ್ವ" ಎಂದು ಹೇಳಿ ಕಾರು ಹತ್ತಿದರು.

ಐತೀರ್ಪಾಯಿತು. ಮೈಲಮ್ಮನ ಹೆಸರಿಗೇ ಆಯಿತು. ತಿಮ್ಮೇಶ್ ನಾಲ್ಕು ಸಾಲು ಕಳಿಸಿದ, ಒಳಪುಟದ ಕೆಳಗೆ ನಾನೇ ಹಾಕಿದೆ. ಗೆದ್ದೆಯಲ್ಲಪ್ಪ ಎಂದು ಬೆನ್ನು ತಟ್ಟಿದೆ. ನನಗೆ ನಿಜವಾಗಿಯೂ ಖುಷಿಯಾಗಿತ್ತು. ಅವನು ನಗಲಿಲ್ಲ. ಮಲೆಬೆನ್ನೂರು ಕಡೆ ಹೋದರೆ ಈಗ ಯಾರೂ ಕೂಡ್ರಿ ಅನ್ನಲ್ಲ ಅಣ್ಣ, ಬದ್ಲಿ ಹೊಲ ಇರೋರೆಲ್ಲ ಒಬ್ಬರಿಗೊಬ್ಬರು ಕಾಗದ ಕೇಳಾಕ ಶುರು ಮಾಡ್ಯಾರೆ ಎಂದ.

ಪರಿಹಾರ ಖಾತೆಗೆ ಬಂದಿದೆಯೋ ಇಲ್ಲವೋ ಕೇಳಲು ಒಂದು ದಿನ ಮೈಲಮ್ಮನ ಮನೆಗೆ ಹೋದ. ಅವಳು ಹೊಸ ಸೀರೆ ಉಟ್ಟು ತಯಾರಾಗಿದ್ದಳು. ಬಂದೈತೆ ಎಂದಳು. ದಾವಣಗೆರೆಗೆ ಕರ್ಕೊಂಡು ಹೋಗ್ತೀಯಾ ಎಂದು ಕೇಳಿದಳು, ಉಜ್ಜನಪ್ಪಣ್ಣನ ಅಂಗಡಿಗೆ. ಬೈಕಿನ ಹಿಂದೆ ಕೂರಿಸಿಕೊಂಡು ಬಂದ. ದಾರಿಯಲ್ಲಿ ಪೇಡಾ ಕಟ್ಟಿಸಿಕೊಂಡಳು. ಎಪಿಎಂಸಿಯಲ್ಲಿ ತಿಮ್ಮೇಶ್ ದೂರ ನಿಂತ, ತಾನು ಕಂಡರೆ ಕೆಲಸ ಕೆಡುತ್ತದೆಂದು. ಅವಳು ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಿದಳು.

ಉಜ್ಜನಪ್ಪನವರು ಗಾದಿಯ ಮೇಲೆಯೇ ಇದ್ದರು. ತಲೆ ಎತ್ತಿ ಅವಳನ್ನು ನೋಡಿದರು, ಚೆನ್ನಾಗಿಯೇ ನೋಡಿದರು. ಆಮೇಲೆ ಪಕ್ಕದ ಗುಮಾಸ್ತನಿಗೆ, "ಯಾರೋ ಬಂದಾರೆ, ಏನು ಬೇಕಂತೆ ಕೇಳು" ಎಂದು ಹೇಳಿ ಮತ್ತೆ ಚೀಟಿಗಳ ಕಡೆ ಬಾಗಿದರು.

ಮೈಲಮ್ಮ ಪೇಡಾದ ಪೊಟ್ಟಣವನ್ನು ಮೆಟ್ಟಿಲ ಮೇಲೆ ಇಟ್ಟು ಬಂದಳು. ಮೆಕ್ಕೆಜೋಳದ ಚೀಲಗಳ ಪಕ್ಕ ನೆಲದ ಮೇಲೆ ಕೂತುಬಿಟ್ಟಳು. ತಿಮ್ಮೇಶ್ ಹತ್ತಿರ ಹೋಗಿ ನಿಂತ.

"ನೀನು ಬರ್ದಿದ್ದು ತಪ್ಪಲ್ಲ ಬಿಡಪ್ಪ" ಎಂದಳು ಅವಳೇ. "ಹೊಲ ರಸ್ತೆಗೆ ಹೋತು ಅಂದ ದಿನ ಅತ್ತಿದ್ದೆ. ಈಗ ಅಳು ಸೈತ ಬರವಲ್ದು."

ಅವಳನ್ನು ಬೈಕಿನಲ್ಲಿ ಮನೆಯವರೆಗೆ ಬಿಟ್ಟು ಬಂದನಂತೆ. ಪರಿಹಾರ ಪೂರ್ತಿ ಜಮಾ ಆಗಿದೆ ಎಂಬ ಸುದ್ದಿಯನ್ನು ಅವನು ಈವರೆಗೂ ಕಳಿಸಿಲ್ಲ, ನಾನೂ ಕೇಳಿಲ್ಲ.